ಬೈಗುಳವೂ ಅದೇ, ಸರ್ಟಿಫಿಕೇಟೂ ಅದೇ

ನಾಡಕಚೇರಿಯಲ್ಲಿ ಜಾತಿ ಪ್ರಮಾಣಪತ್ರಕ್ಕೆ ಅರ್ಜಿ ಹಾಕುವವರು ತಮ್ಮ ಜಾತಿಯ ಹೆಸರನ್ನು ಸ್ಪಷ್ಟವಾಗಿ ಬರೆಯಲೇಬೇಕು. 1950ರ ರಾಷ್ಟ್ರಪತಿ ಆದೇಶದ ಪಟ್ಟಿಯಲ್ಲಿ ಹೇಗಿದೆಯೋ ಹಾಗೆಯೇ ಇರಬೇಕು, ಇಲ್ಲದಿದ್ದರೆ ಅರ್ಜಿ ವಾಪಸು ಬರುತ್ತದೆ. ಅದೇ ಹೆಸರನ್ನು ಬಸ್‌ಸ್ಟ್ಯಾಂಡಿನಲ್ಲಿ ನಿಂತು ಅವರ ಮುಖಕ್ಕೆ ಎಸೆದರೆ ಆರು ತಿಂಗಳಿಂದ ಐದು ವರ್ಷದವರೆಗೆ ಜೈಲು. ಆರೋಪ ಹೊತ್ತವರು ಕೋರ್ಟಿನಲ್ಲಿ ಸಾಮಾನ್ಯವಾಗಿ ಹೂಡುವ ವಾದವೂ ಇಲ್ಲಿಂದಲೇ ಹುಟ್ಟುತ್ತದೆ: 'ಇದ್ದದ್ದನ್ನೇ ಹೇಳಿದೆ ಸ್ವಾಮಿ, ಸರ್ಕಾರವೇ ಬರೆದುಕೊಟ್ಟ ಹೆಸರು ಬೈಗುಳ ಹೇಗಾಗುತ್ತದೆ?'

ಈ ಪ್ರಶ್ನೆಗೆ ಸುಪ್ರೀಂ ಕೋರ್ಟ್ 2008ರ ಸ್ವರ್ಣ ಸಿಂಗ್ ಪ್ರಕರಣದಲ್ಲಿ ನೇರವಾಗಿ ಉತ್ತರಿಸಿತು. ದೆಹಲಿಯಲ್ಲಿ ಕಾರು ಚಾಲಕನೊಬ್ಬ ಮಾಲೀಕನ ಮನೆಯ ಗೇಟಿನ ಬಳಿ ನಿಲ್ಲಿಸಿದ್ದ ಕಾರಿನ ಹತ್ತಿರ ನಿಂತಿದ್ದಾಗ ಅದೇ ಕಟ್ಟಡದ ನಿವಾಸಿಗಳು ತನ್ನನ್ನು ಜಾತಿ ಹಿಡಿದು ಬೈದರೆಂದು ದೂರು ಕೊಟ್ಟಿದ್ದ. ಅವರು ಬಳಸಿದ್ದಾರೆನ್ನಲಾದ ಪದ ಅವನ ಜಾತಿಯದ್ದೂ ಆಗಿರಲಿಲ್ಲ, ಚರ್ಮದ ಕೆಲಸದ ಇನ್ನೊಂದು ಸಮುದಾಯದ ಹೆಸರು ಅದು. ಬೈಯುವವರಿಗೆ ಅಷ್ಟು ನಿಖರತೆ ಬೇಕಿರುವುದಿಲ್ಲ, ಎದುರಿಗಿದ್ದವನು 'ಕೆಳಗಿನವನು' ಎಂದು ನೆನಪಿಸಿದರೆ ಸಾಕು. ಪದದ ಮೂಲಾರ್ಥವನ್ನು ನೋಡಬೇಕಿಲ್ಲ, ಇವತ್ತು ಜನ ಅದನ್ನು ಯಾವ ಅರ್ಥದಲ್ಲಿ ಬಳಸುತ್ತಾರೆ ಎಂಬುದನ್ನು ನೋಡಬೇಕು ಎಂದಿತು ಕೋರ್ಟ್. ಅಮೆರಿಕದಲ್ಲಿ ಕಪ್ಪು ಜನರಿಗೆ ಒಂದು ಕಾಲಕ್ಕೆ ಸಹಜವಾಗಿ ಬಳಸುತ್ತಿದ್ದ ಹೆಸರು ಈಗ ಅವಮಾನವಾಗಿರುವುದನ್ನೂ ತೀರ್ಪು ಉದಾಹರಿಸಿತು.

ಹಾಗಾದರೆ ಹೆಸರನ್ನೇ ಬದಲಿಸಿದರೆ? ನಮ್ಮಲ್ಲಿ ಆ ಪ್ರಯತ್ನಕ್ಕೆ ನೂರು ವರ್ಷವಾಯಿತು. ಮೈಸೂರು ಸಂಸ್ಥಾನ 1920ರ ದಶಕದಲ್ಲಿ 'ಪಂಚಮ' ಎಂಬುದನ್ನು ಬಿಟ್ಟು 'ಆದಿ ಕರ್ನಾಟಕ', 'ಆದಿ ದ್ರಾವಿಡ' ಎಂಬ ಹೆಸರುಗಳನ್ನು ತಂದಿತು. ನಾಡಿನ ಮೂಲದವರು ಎಂಬ ಘನತೆ ಆ ಹೆಸರುಗಳಲ್ಲಿತ್ತು. ಕಾಲಕ್ರಮದಲ್ಲಿ ಅದು 'ಎ.ಕೆ.' ಆಯಿತು, ಊರಾಚೆಯ ಕೇರಿ 'ಎ.ಕೆ. ಕಾಲೊನಿ' ಆಯಿತು. ಯಾವ ಕಾಲೊನಿಯವನು ಎಂದು ಕೇಳುವವರ ದನಿಯಲ್ಲಿ ಹಳೆಯ ಹೆಸರಿನ ತಾತ್ಸಾರವೆಲ್ಲ ಹಾಗೇ ಉಳಿಯಿತು. ಗಾಂಧೀಜಿ ಪ್ರಚಾರಕ್ಕೆ ತಂದ 'ಹರಿಜನ' ಶಬ್ದದ ಕತೆಯೂ ಬೇರೆಯಲ್ಲ. ಅದು ದಯೆಯ ಹೆಸರು, ಹಕ್ಕಿನದಲ್ಲ ಎಂಬ ಕಾರಣಕ್ಕೆ ಅಂಬೇಡ್ಕರ್ ಮೊದಲಿನಿಂದಲೂ ಅದನ್ನು ಒಪ್ಪಲಿಲ್ಲ. ಈಗ ಆ ಪದವನ್ನು ಬಳಸುವುದೇ ಅವಮಾನಿಸಲು ಎಂದು 2017ರಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ.

ಹೊಸ ಹೆಸರಿಗೆ ಬೇರೊಂದು ಬೆಲೆಯನ್ನೂ ತೆರಬೇಕಾಯಿತು. 2025ರಲ್ಲಿ ಒಳಮೀಸಲಾತಿಗಾಗಿ ನ್ಯಾಯಮೂರ್ತಿ ನಾಗಮೋಹನ ದಾಸ್ ಆಯೋಗ ಮನೆಮನೆ ಸಮೀಕ್ಷೆ ನಡೆಸಿದಾಗ ಲಕ್ಷಗಟ್ಟಲೆ ಜನ ಬರೀ 'ಆದಿ ಕರ್ನಾಟಕ', 'ಆದಿ ದ್ರಾವಿಡ', 'ಆದಿ ಆಂಧ್ರ' ಎಂದಷ್ಟೇ ಬರೆಸಿದರು. ಯಾವ ಹೆಸರಿನಿಂದ ತಪ್ಪಿಸಿಕೊಳ್ಳಲು ಅಜ್ಜಂದಿರು ಆ ಹೊದಿಕೆಯನ್ನು ಹೊದ್ದಿದ್ದರೋ ಅದೇ ಹೆಸರನ್ನು ಮೊಮ್ಮಕ್ಕಳು ಪಾಲು ಕೇಳಲು ಮತ್ತೆ ಹೇಳಬೇಕಾಗಿ ಬಂತು. ಬಾಡಿಗೆ ಮನೆಯ ಹೊಸಿಲಲ್ಲಿ, ಅಕ್ಕಪಕ್ಕದವರು ಕೇಳಿಸಿಕೊಳ್ಳುವಂತೆ ಅದನ್ನು ಹೇಳಲು ಹಿಂಜರಿಯುವವರನ್ನು ದೂರುವುದು ಹೇಗೆ?

ಕಾಲೇಜು, ಕಚೇರಿಗಳಲ್ಲಿ ಹಳೆಯ ಪದಗಳು ಈಗ ಅಷ್ಟಾಗಿ ಕೇಳುವುದಿಲ್ಲ. 'ಕೋಟಾ' ಇದೆ, 'ರಿಸರ್ವೇಶನ್' ಇದೆ, 'ನಿನ್ನ ರ್‍ಯಾಂಕ್ ಎಷ್ಟು' ಇದೆ. ಅರವಿಂದ ಮಾಲಗತ್ತಿಯವರು ಸರ್ಕಾರಿ ಸವಲತ್ತು ಪಡೆಯುವ ದಲಿತರನ್ನು ಕುಟುಕುವ ಇಂಥದ್ದೇ ಒಂದು ಮಾತನ್ನು ತಮ್ಮ ಆತ್ಮಕಥನದ ಶೀರ್ಷಿಕೆ ಮಾಡಿಕೊಂಡರು: 'ಗೌರ್ಮೆಂಟ್ ಬ್ರಾಹ್ಮಣ'. ಇನ್ನು ಕನ್ನಡದಲ್ಲಿ ಹೀನಾಯ ಮಾಡಲು ನಾಮಪದವೇ ಬೇಕೆಂದಿಲ್ಲ, ಕ್ರಿಯಾಪದದ ಬಾಲವೇ ಸಾಕು. ಎಪ್ಪತ್ತು ದಾಟಿದ ಮುದುಕನನ್ನು ಗೌಡರ ಮನೆಯ ಹತ್ತು ವರ್ಷದ ಹುಡುಗ 'ಬಾರೋ' ಎಂದು ಕರೆಯುವುದು, ಮುದುಕ ಅವನಿಗೆ 'ಬಂದೆ ಬುದ್ಧಿ' ಎನ್ನುವುದು ನಮ್ಮ ಹಳ್ಳಿಗಳಲ್ಲಿ ತೀರ ಹಳೆಯ ಮಾತೇನಲ್ಲ. ಇದನ್ನು ಹಿಡಿಯಲು ಯಾವ ಸೆಕ್ಷನ್ನಿಗೂ ಆಗದು.

ಕಾನೂನು ಹಿಡಿಯುವುದು ಏನನ್ನು? 1989ರ ದೌರ್ಜನ್ಯ ತಡೆ ಕಾಯ್ದೆಗೆ 2015ರಲ್ಲಿ ಆದ ತಿದ್ದುಪಡಿಯ ನಂತರ ಎರಡು ಉಪಕಲಮುಗಳಿವೆ. ಅವಮಾನಿಸುವ ಉದ್ದೇಶದಿಂದಲೇ ನಿಂದಿಸುವುದು ಅಥವಾ ಬೆದರಿಸುವುದು ಒಂದು, ಜಾತಿಯ ಹೆಸರಿನಿಂದ ಬೈಯುವುದು ಇನ್ನೊಂದು. ಬೈದವರು ಪರಿಶಿಷ್ಟ ಜಾತಿ, ಪಂಗಡಕ್ಕೆ ಸೇರದವರಾಗಿರಬೇಕು, ಬೈಸಿಕೊಂಡವರು ಸೇರಿದವರಾಗಿರಬೇಕು. ಇಷ್ಟಿದ್ದರೂ ಬಹಳಷ್ಟು ಕೇಸುಗಳು ಮುಗ್ಗರಿಸುವುದು ಮೂರನೆಯ ಷರತ್ತಿನಲ್ಲಿ: ಘಟನೆ 'ಸಾರ್ವಜನಿಕರ ಕಣ್ಣಿಗೆ ಬೀಳುವ ಸ್ಥಳ'ದಲ್ಲಿ ನಡೆದಿರಬೇಕು.

ಇದು ಸಾರ್ವಜನಿಕ ಸ್ಥಳವೇ ಆಗಬೇಕೆಂದಲ್ಲ. ಮನೆಯ ಮುಂದಿನ ಅಂಗಳ ಖಾಸಗಿಯದು, ಆದರೆ ಕಾಂಪೌಂಡಿನಾಚೆಯ ರಸ್ತೆಯಲ್ಲಿ ಹೋಗುವವರಿಗೆ ಕಾಣುವಂತಿದ್ದರೆ ಅದೂ ಲೆಕ್ಕಕ್ಕೆ ಬರುತ್ತದೆ. ಸ್ವರ್ಣ ಸಿಂಗ್ ಪ್ರಕರಣದಲ್ಲಿ ಗೇಟು ಹೀಗೆ ಲೆಕ್ಕಕ್ಕೆ ಬಂತು. ಕಟ್ಟಡದ ಒಳಗಾದರೆ ನೆಂಟರು, ಗೆಳೆಯರಲ್ಲದ ಹೊರಗಿನವರು ಯಾರಾದರೂ ಇದ್ದಿರಬೇಕು. 2020ರಲ್ಲಿ ಉತ್ತರಾಖಂಡದ ಒಂದು ಪ್ರಕರಣದಲ್ಲಿ, ಮನೆಯ ನಾಲ್ಕು ಗೋಡೆಗಳ ನಡುವೆ ಹೊರಗಿನವರಿಲ್ಲದೆ ಆಡಿದ ಮಾತು ಎಂಬ ಕಾರಣಕ್ಕೆ ಸುಪ್ರೀಂ ಕೋರ್ಟ್ ಈ ಕಾಯ್ದೆಯ ಆರೋಪವನ್ನು ರದ್ದು ಮಾಡಿತು. 2022ರಲ್ಲಿ ಕರ್ನಾಟಕ ಹೈಕೋರ್ಟಿನ ಮುಂದೆ ಕಟ್ಟಡವೊಂದರ ಬೇಸ್‌ಮೆಂಟಿನ ಪ್ರಕರಣ ಬಂತು. ಅಲ್ಲಿದ್ದವರು ಬೈಸಿಕೊಂಡ ಕಾರ್ಮಿಕ ಮತ್ತು ಅವನ ಜೊತೆ ಕೆಲಸಗಾರರು. ಬೇಸ್‌ಮೆಂಟ್ ಸಾರ್ವಜನಿಕರ ಕಣ್ಣಿಗೆ ಬೀಳುವ ಜಾಗವಲ್ಲ ಎಂದ ಕೋರ್ಟ್ ಪ್ರಕರಣವನ್ನು ರದ್ದು ಮಾಡಿತು. ಕಾಯ್ದೆಯ ಭಾಷೆ ಇರುವುದೇ ಹಾಗೆ, ಒಪ್ಪೋಣ. ಆದರೆ ಮನೆಗೆಲಸದವಳನ್ನು ಬೈಯುವುದು ಅಡುಗೆಮನೆಯಲ್ಲಿ, ಕೂಲಿಯವನನ್ನು ಬೈಯುವುದು ಗೋದಾಮಿನಲ್ಲಿ. ದಿನವೂ ತಗಲುವ ಮಾತು ಬಹುಪಾಲು ಈ ಷರತ್ತಿನ ಹೊರಗೇ ಉಳಿಯುತ್ತದೆ.

ಮುಖಚಹರೆ ಹಿಡಿದು ಆಡುವ ಮಾತಿಗಂತೂ ಕಾನೂನು ಇನ್ನೂ ಅರೆಬರೆ. ಈಶಾನ್ಯ ರಾಜ್ಯದವರನ್ನು ಬೆಂಗಳೂರು, ದೆಹಲಿಗಳ ರಸ್ತೆಯಲ್ಲಿ ಏನೆಂದು ಕರೆಯುತ್ತಾರೆಂಬುದು ಎಲ್ಲರಿಗೂ ಗೊತ್ತು. ಅವರಲ್ಲಿ ನಾಗಾ, ಮಿಜೊಗಳಂಥವರು ಪರಿಶಿಷ್ಟ ಪಂಗಡದವರು, ಮಣಿಪುರದ ಮೈತೇಯಿಗಳು ಅಲ್ಲ. ಒಂದೇ ಬೈಗುಳ, ಒಬ್ಬರಿಗೆ ಕಾಯ್ದೆಯ ರಕ್ಷಣೆ ಇದೆ, ಇನ್ನೊಬ್ಬರಿಗೆ ಇಲ್ಲ. 2014ರ ಜನವರಿಯಲ್ಲಿ ದೆಹಲಿಯ ಲಾಜಪತ್ ನಗರದಲ್ಲಿ ಅರುಣಾಚಲದ ವಿದ್ಯಾರ್ಥಿ ನಿಡೊ ತಾನಿಯಾನ ಕೂದಲನ್ನು ಗೇಲಿ ಮಾಡುವುದರಿಂದ ಶುರುವಾದ ಜಗಳ ಅವನ ಸಾವಿನಲ್ಲಿ ಮುಗಿಯಿತು. ಆಮೇಲೆ ಬೇಜ್‌ಬರುವಾ ಸಮಿತಿ ಜನಾಂಗೀಯ ನಿಂದನೆಗೆಂದೇ ದಂಡಸಂಹಿತೆಯಲ್ಲಿ ಪ್ರತ್ಯೇಕ ಕಲಮುಗಳು ಬೇಕೆಂದು ಶಿಫಾರಸು ಮಾಡಿತು. ಆ ಕಲಮುಗಳು ಬರಲಿಲ್ಲ.

ಇಂಥ ಪದಗಳನ್ನು ಸುದ್ದಿಯಲ್ಲಿ, ಲೇಖನದಲ್ಲಿ ಅಚ್ಚು ಮಾಡಬೇಕೆ? ಬಹುಪಾಲು ಬೇಕಿಲ್ಲ. ಬೈಸಿಕೊಂಡವರ ಊರಿನವರು ಮರುದಿನ ಹೋಟೆಲಿನಲ್ಲಿ ಕೂತು ಅದನ್ನು ಜೋರಾಗಿ ಓದುತ್ತಾರೆ. 'ಜಾತಿ ನಿಂದನೆ ಮಾಡಿದರು' ಎಂದರೆ ಓದುಗರಿಗೆ ತಿಳಿಯದ್ದೇನೂ ಉಳಿಯುವುದಿಲ್ಲ. ಆದರೆ ಪೊಲೀಸ್ ಠಾಣೆಯಲ್ಲಿ ಅದೇ ಮಾತನ್ನು ಬರೆದುಕೊಂಡರೆ ಕೇಸು ಸಡಿಲವಾಗುತ್ತದೆ. ಯಾವ ಪದ, ಯಾರು ಆಡಿದರು, ಎಲ್ಲಿ ನಿಂತು, ಕೇಳಿಸಿಕೊಂಡವರು ಯಾರು ಎಂಬುದೆಲ್ಲ ದೂರಿನಲ್ಲೇ ಇರಬೇಕು. ರೈಟರ್ ಮುಜುಗರಪಟ್ಟು, ಇಲ್ಲವೇ ಸೋಮಾರಿತನದಿಂದ 'ಜಾತಿ ಎತ್ತಿ ಬೈದರು' ಎಂದಷ್ಟೇ ಬರೆದರೆ ನಿರ್ದಿಷ್ಟ ಆರೋಪವೇ ಇಲ್ಲವೆಂದು ಆರೋಪಿಯ ವಕೀಲರು ವಾದಿಸಲು ದಾರಿಯಾಗುತ್ತದೆ. ಹಾಗಾಗಿ ದೂರು ಕೊಟ್ಟವರು ಆ ಪದವನ್ನು ಠಾಣೆಯಲ್ಲಿ ತಮ್ಮ ಬಾಯಿಂದಲೇ ಹೇಳಬೇಕು, ತನಿಖೆಗೆ ಬರುವ ಡಿವೈಎಸ್‌ಪಿಯ ಮುಂದೆ ಹೇಳಬೇಕು, ಕೊನೆಗೆ ಕಟಕಟೆಯಲ್ಲಿ ನಿಂತು ಪಾಟೀ ಸವಾಲಿನಲ್ಲಿ ಇನ್ನೊಮ್ಮೆ ಹೇಳಬೇಕು, ಬೈದವನು ಎದುರಿಗೇ ಕೂತಿರುವಾಗ.