ಕಾಳು ಹಾಕುವುದಕ್ಕೂ ಮೆಚ್ಚುವುದಕ್ಕೂ ಇರುವ ಅಂತರ

ಹೊಸ ಪರಿಚಯದಲ್ಲಿ ಆಡುವ ಹೊಗಳಿಕೆ ನಿಜವೆನಿಸಬೇಕಾದರೆ ಅದು ಎದುರಿನವರೊಬ್ಬರಿಗೇ ಹೊಂದುವಂತಿರಬೇಕು. ‘ನಿಮ್ಮ ಕಣ್ಣು ತುಂಬಾ ಚೆನ್ನಾಗಿದೆ’ ಎಂಬ ಮಾತು ಯಾರಿಗೆ ಬೇಕಾದರೂ ಸಲ್ಲುತ್ತದೆ. ಹಾಗಾಗಿಯೇ ಕಾಳು ಹಾಕುತ್ತಿದ್ದಾರೆ ಎಂದು ಕೇಳಿದವರಿಗೆ ಕೂಡಲೇ ಗೊತ್ತಾಗುತ್ತದೆ. ಅದಕ್ಕೆ ‘ಥ್ಯಾಂಕ್ಸ್’ ಬಿಟ್ಟು ಬೇರೆ ಉತ್ತರವೂ ಇಲ್ಲ. ಒಬ್ಬರು ಆಡಿದ ಮಾತನ್ನೋ ಮಾಡಿದ ಆಯ್ಕೆಯನ್ನೋ ಗಮನಿಸಿ ಮೆಚ್ಚಿದರೆ, ಮಾತು ಮುಂದುವರಿಯಲು ದಾರಿಯೊಂದು ಸಿಗುತ್ತದೆ.

ಬೆಂಗಳೂರಿನ ರಂಗಶಂಕರದಲ್ಲಿ ನಾಟಕ ಮುಗಿದಿದೆ ಎಂದುಕೊಳ್ಳೋಣ. ಗೆಳೆಯರ ಗುಂಪಿನಲ್ಲಿ ಆಗಷ್ಟೇ ಪರಿಚಯವಾದ ಇಬ್ಬರು ಕ್ಯಾಂಟೀನಿನ ಮುಂದೆ ನಿಂತಿದ್ದಾರೆ. ‘ಆ ಮುದುಕನ ಪಾತ್ರ ನೋಡಿ ಎಲ್ಲರೂ ನಗ್ತಿದ್ರು, ನೀವೊಬ್ರು ಪಾಪ ಅಂದ್ರಿ. ಯಾಕೆ ಹಾಗನ್ನಿಸ್ತು?’ ಎಂದು ಹುಡುಗ ಕೇಳುತ್ತಾನೆ. ಇಲ್ಲಿ ‘ಚೆನ್ನಾಗಿದೆ’ ಎಂಬ ಪದವೇ ಇಲ್ಲ. ಆದರೂ ಇದು ಹೊಗಳಿಕೆಯೇ: ಅಷ್ಟು ಜನರ ನಡುವೆ ಅವಳ ಒಂದು ಮಾತು ಅವನ ಕಿವಿಯಲ್ಲಿ ಉಳಿದಿದೆ. ಕೊನೆಯ ಪ್ರಶ್ನೆ ಆ ಹೊಗಳಿಕೆಯ ಭಾರವನ್ನು ಇಳಿಸಿ, ಮಾತಿನ ಸರದಿಯನ್ನು ಅವಳಿಗೆ ಬಿಟ್ಟುಕೊಡುತ್ತದೆ.

ತಮಾಷೆಯ ಮಾತೂ ಹೀಗೆಯೇ. ಬಾಯಿಪಾಠ ಮಾಡಿಕೊಂಡು ಬಂದ ಜೋಕು ಒಬ್ಬರನ್ನು ನಟರನ್ನಾಗಿಸಿ ಇನ್ನೊಬ್ಬರನ್ನು ಪ್ರೇಕ್ಷಕರನ್ನಾಗಿಸುತ್ತದೆ. ದಿನನಿತ್ಯದ ಮಾತುಕತೆಯಲ್ಲಿ ಜನ ನಗುವುದು ಹೆಚ್ಚಾಗಿ ಜೋಕುಗಳಿಗಲ್ಲ, ಸಾಧಾರಣ ಮಾತುಗಳಿಗೇ ಎಂದು ನಗುವನ್ನು ಅಧ್ಯಯನ ಮಾಡಿದ ಅಮೆರಿಕದ ವಿಜ್ಞಾನಿ ರಾಬರ್ಟ್ ಪ್ರೊವೈನ್ ಕಂಡುಕೊಂಡಿದ್ದರು. ರಂಗಶಂಕರದಲ್ಲಿ ತಡವಾಗಿ ಬಂದವರನ್ನು ಒಳಗೆ ಬಿಡುವುದಿಲ್ಲ. ‘ಬಾಗಿಲು ಹಾಕ್ಬಿಡ್ತಾರೆ ಅಂತ ಓಡ್ಕೊಂಡು ಬಂದೆ, ಮೊದಲ ದೃಶ್ಯ ಪೂರ್ತಿ ನನ್ನ ಏದುಸಿರೇ ಕೇಳಿಸ್ತಿತ್ತು’ ಎಂದು ಅವನು ಹೇಳಿದರೆ, ಅಲ್ಲಿಗೆ ಬರುವ ಯಾರಿಗೂ ಅದು ಗೊತ್ತಿರುವ ಪಾಡು. ತನ್ನನ್ನೇ ಹೀಗೆ ಒಮ್ಮೆ ಆಡಿಕೊಂಡರೆ ಸೊಗಸು. ಅದನ್ನೇ ಮತ್ತೆ ಮತ್ತೆ ಮಾಡಿದರೆ ‘ಅಯ್ಯೋ, ಹಾಗೇನಿಲ್ಲ’ ಎಂದು ಸಮಾಧಾನ ಹೇಳುವ ಕೆಲಸ ಅವಳ ಪಾಲಿಗೆ ಬರುತ್ತದೆ. ಅವಳ ಉಡುಪು, ಊರು, ಉಚ್ಚಾರಣೆಗಳನ್ನು ಹಿಡಿದು ಕಾಲೆಳೆಯುವುದಂತೂ ಸಲಿಗೆ ಬೆಳೆದ ಮೇಲಿನ ಮಾತು.

ಅವಳು ‘ಓ, ಅದು ನೀವಾ? ನಾನು ಹಿನ್ನೆಲೆ ಸಂಗೀತ ಅಂದ್ಕೊಂಡಿದ್ದೆ’ ಎಂದು ತಮಾಷೆಯನ್ನು ಬೆಳೆಸಿದರೆ ಅದು ಒಳ್ಳೆಯ ಸೂಚನೆ. ಕ್ಯಾನ್ಸಾಸ್ ವಿಶ್ವವಿದ್ಯಾಲಯದ ಜೆಫ್ರಿ ಹಾಲ್ 2015ರಲ್ಲಿ ಪ್ರಕಟಿಸಿದ ಅಧ್ಯಯನವೂ ಇದನ್ನೇ ಸೂಚಿಸುತ್ತದೆ. ಪರಸ್ಪರ ಪರಿಚಯವಿಲ್ಲದ ವಿದ್ಯಾರ್ಥಿ ಜೋಡಿಗಳನ್ನು ಸುಮಾರು 10 ನಿಮಿಷ ಮಾತಿಗೆ ಬಿಟ್ಟಾಗ, ಇಬ್ಬರೂ ಒಟ್ಟಿಗೆ ನಕ್ಕ ಕಡೆ ಆಸಕ್ತಿ ಹೆಚ್ಚು ಕಂಡುಬಂತು.

ಬರಿಯ ‘ಹೌದಾ’ ಎಂಬ ಉತ್ತರ, ತುಟಿಯಂಚಿನ ನಗೆ, ಫೋನಿನತ್ತ ಹೊರಳುವ ಕಣ್ಣು ಕಂಡರೆ ಇನ್ನೊಂದು ಜೋಕು ಹುಡುಕದೆ ಮಾತನ್ನು ನಾಟಕಕ್ಕೋ ಗುಂಪಿನ ಉಳಿದವರಿಗೋ ತಿರುಗಿಸುವುದು ಲೇಸು. ಕೌಂಟರಿನ ಹಿಂದೆ ನಿಂತವರ, ಕೈಕೆಳಗೆ ಕೆಲಸ ಮಾಡುವವರ ನಗುವನ್ನಂತೂ ಲೆಕ್ಕಕ್ಕೇ ಹಿಡಿಯಬಾರದು. ಅವರು ಅಲ್ಲಿಂದ ಎದ್ದು ಹೋಗುವಂತಿಲ್ಲ.