ಮ್ಯೂಟ್ ತೆಗೆದ ಮೇಲೆ ಮೊದಲ ಅರ್ಧ ನಿಮಿಷ

ಕಳೆದ ವರ್ಷ ನಮ್ಮ ತಂಡಕ್ಕೆ ಕೊಪ್ಪದ ಕಡೆಯ ಹುಡುಗನೊಬ್ಬ ಸೇರಿದ. ಮನೆಯ ಅಟ್ಟದ ಕೋಣೆಯೇ ಅವನ ಆಫೀಸು. ಮೊದಲ ದಿನ ಮಧ್ಯಾಹ್ನ 2 ಗಂಟೆಗೆ ವಿಡಿಯೊ ಮೀಟಿಂಗ್. ಬೆಂಗಳೂರಿನಿಂದ, ಪುಣೆಯಿಂದ, ಬರ್ಲಿನ್‌ನಿಂದ ಒಟ್ಟು ಹನ್ನೊಂದು ಮಂದಿ ಪರದೆಯ ಮೇಲೆ ಕೂತಿದ್ದೆವು. ಬರ್ಲಿನ್‌ನ ಮ್ಯಾನೇಜರ್ ನಗುನಗುತ್ತಾ ಹೆಸರು ಹಿಡಿದು ಸ್ವಾಗತಿಸಿದರು. ಸ್ವಾಗತಿಸಿದ್ದು ಹುಡುಗನನ್ನಲ್ಲ, ಅವನ ಅಪ್ಪನನ್ನು!

ಹುಡುಗ ಸಂಕೋಚದಿಂದ ಸುಮ್ಮನಾದ. ಮುಂದಿನ ಎರಡು ತಿಂಗಳು ಮೇಲ್‌ಗಳೆಲ್ಲ ಅಪ್ಪನ ಹೆಸರಿಗೇ ಬಂದವು.

ಹಳೇ ಮೈಸೂರು, ಮಲೆನಾಡಿನ ಕಡೆ ಹೆಸರಿನ ಹಿಂದೆ ಮುಂದೆ ಇನಿಷಿಯಲ್ ಇರುತ್ತದೆ. ಊರಿನದೊಂದು, ಅಪ್ಪನದೊಂದು. ಕಂಪನಿಯ ಅರ್ಜಿ ಅದನ್ನು ಬಿಡಿಸಿ ಬರೆಯಿರಿ ಎನ್ನುತ್ತದೆ. ‘ಎಸ್. ಮಂಜುನಾಥ’ ಎಂಬವರ ಅಪ್ಪ ಶಿವಣ್ಣ ಎಂದಿಟ್ಟುಕೊಳ್ಳಿ. ಬಿಡಿಸಿದರೆ ‘ಶಿವಣ್ಣ ಮಂಜುನಾಥ’ ಆಗುತ್ತದೆ, ಪರದೆಯ ಮೇಲೂ ಹಾಗೇ ಮೂಡುತ್ತದೆ. ಮೊದಲ ಪದವೇ ಕರೆಯುವ ಹೆಸರು ಎಂದು ನಂಬಿರುವ ಜರ್ಮನ್ ಮನುಷ್ಯ ಶಿವಣ್ಣ ಎನ್ನದೆ ಇನ್ನೇನು ಅಂದಾನು? ಉತ್ತರ ಕರ್ನಾಟಕದವರಿಗೆ ಅಡ್ಡಹೆಸರು ಇರುವುದರಿಂದ ಈ ತೊಡಕು ಕಡಿಮೆ.

ಹಾಗಾಗಿ ಪರಿಚಯದ ಮೊದಲ ವಾಕ್ಯ ಇಷ್ಟೇ ಆಗಿರಲಿ: “ನನ್ನನ್ನು ಮಂಜು ಅಂತ ಕರೆಯಿರಿ. ಪರದೆಯಲ್ಲಿ ಮೊದಲು ಕಾಣುವುದು ನನ್ನ ತಂದೆಯ ಹೆಸರು.” ಕೆಲವು ಆ್ಯಪ್‌ಗಳಲ್ಲಿ ಕಾಣುವ ಹೆಸರನ್ನು ನಾವೇ ತಿದ್ದಿಕೊಳ್ಳಬಹುದು. ಆಫೀಸಿನ ಖಾತೆಯಿಂದ ಬರುವ ಹೆಸರಾದರೆ ಐಟಿಯವರಿಗೆ ಬರೆಯಬೇಕು. ಅದನ್ನು ಮೊದಲ ವಾರದಲ್ಲೇ ಮಾಡುವುದು ಒಳ್ಳೆಯದು, ಆಮೇಲೆ ಮುಜುಗರ ಬೆಳೆಯುತ್ತದೆ.

ಹೇಳಿದ್ದು ಎಲ್ಲರ ಕಿವಿಗೂ ಬಿತ್ತೇ ಎಂಬುದು ಬೇರೆ ಮಾತು. ಅಮೆರಿಕದ ಮನೋವಿಜ್ಞಾನಿ ಮಾಲ್ಕಮ್ ಬ್ರೆನ್ನರ್ 1973ರಲ್ಲಿ ಜನರನ್ನು ಸುತ್ತ ಕೂರಿಸಿ, ಸರದಿಯಂತೆ ಒಂದೊಂದು ಪದ ಓದಿಸಿದರು. ಆಮೇಲೆ ನೆನಪಿನಿಂದ ಹೇಳಿಸಿದಾಗ, ತಮ್ಮ ಸರದಿಗೆ ಸ್ವಲ್ಪ ಮುಂಚೆ ಇತರರು ಓದಿದ ಪದಗಳನ್ನೇ ಜನ ಹೆಚ್ಚು ಮರೆತಿದ್ದರು. ತನ್ನ ಮಾತನ್ನು ಒಳಗೊಳಗೇ ಜೋಡಿಸಿಕೊಳ್ಳುತ್ತಿರುವವನಿಗೆ ಪಕ್ಕದವನ ಮಾತು ಕೇಳಿಸುವುದಿಲ್ಲ. ಕೋಣೆಯಲ್ಲಾದರೆ ಸರದಿ ಎಲ್ಲಿಗೆ ಬಂತೆಂದು ಕಣ್ಣಿಗೆ ಕಾಣುತ್ತದೆ. ಪರದೆಯಲ್ಲಿ ಒಬ್ಬೊಬ್ಬರಿಗೆ ಒಂದೊಂದು ಕ್ರಮದಲ್ಲಿ ಮುಖಗಳು ಕಾಣುವುದರಿಂದ, ಮುಂದಿನವರು ತಾವೇ ಇರಬಹುದೇ ಎಂಬ ಆತಂಕ ಎಲ್ಲರಿಗೂ. ನಡೆಸುವವರು ಮೊದಲೇ ಚಾಟ್‌ನಲ್ಲಿ ಸರದಿಯ ಹೆಸರುಗಳನ್ನು ಹಾಕಿದರೆ ಇದು ಬಹುಪಾಲು ಇಳಿಯುತ್ತದೆ. ಹೊಸಬರೂ ಒಂದು ಕೆಲಸ ಮಾಡಬಹುದು: ಮಾತು ಮುಗಿದ ಕೂಡಲೇ ಅದನ್ನೇ ಮೂರು ಸಾಲಾಗಿ ಚಾಟ್‌ನಲ್ಲಿ ಬರೆಯುವುದು. ಕೇಳಿಸಿಕೊಳ್ಳದವರು ಓದಿಕೊಳ್ಳುತ್ತಾರೆ.

ಇನ್ನೊಂದು ತಾಪತ್ರಯ, ಹೂಂಗುಟ್ಟುವವರಿಲ್ಲ. ಉಳಿದ ಹತ್ತೂ ಜನ ಮ್ಯೂಟ್‌ನಲ್ಲಿರುತ್ತಾರೆ. ನಾವು ಆಡಿದ್ದಕ್ಕೆ ಪ್ರತಿಯಾಗಿ ಬರುವುದು ಬರೀ ಮೌನ. ಆ ಮೌನಕ್ಕೆ ಹೆದರಿ ಡಿಗ್ರಿ, ಹಳೆಯ ಕಂಪನಿ, ಪ್ರಾಜೆಕ್ಟು, ಕ್ರಿಕೆಟ್, ಟ್ರೆಕ್ಕಿಂಗ್ ಎಂದು ಸೇರಿಸುತ್ತಾ ಹೋಗುತ್ತೇವೆ. ಅರ್ಧ ನಿಮಿಷದ್ದು ಮೂರು ನಿಮಿಷವಾಗುತ್ತದೆ. ನನ್ನ ಅನುಭವದಲ್ಲಿ ಇದಕ್ಕೆ ಒಂದೇ ಮದ್ದು, ಕೊನೆಯ ವಾಕ್ಯವನ್ನು ಮೊದಲೇ ಗಟ್ಟಿ ಮಾಡಿಕೊಳ್ಳುವುದು. “ಇಷ್ಟೇ, ಈಗ ಮುಂದಿನವರು” ಎಂದು ಹೆಸರು ಹಿಡಿದು ಮೈಕ್ ದಾಟಿಸಿದರೆ ಆಯಿತು.

ಹೆಸರಿನ ನಂತರ ತಂಡಕ್ಕೆ ಬೇಕಾದದ್ದು ಎರಡೇ: ಯಾವ ಕೆಲಸ ವಹಿಸಿಕೊಂಡಿದ್ದೀರಿ, ಯಾವಾಗ ಸಿಗುತ್ತೀರಿ. ನಮ್ಮ ಹುಡುಗ ಆಮೇಲೆ ಇನ್ನೊಂದು ತಂಡಕ್ಕೆ ಹೋದಾಗ ಹೇಳಿದ್ದು ಹೀಗೆ: “ಬಿಲ್ಲಿಂಗ್ ಭಾಗದ ಟೆಸ್ಟಿಂಗ್ ನನ್ನದು. ಮೊದಲ ಎರಡು ವಾರ ಹಳೆಯ ದೂರುಗಳನ್ನು ಓದುತ್ತೇನೆ. ಭಾರತದ ಸಮಯ 10ರಿಂದ 7ರವರೆಗೆ ಇರುತ್ತೇನೆ. ನಮ್ಮಲ್ಲಿ ಮಳೆಗಾಲದಲ್ಲಿ ಕರೆಂಟ್ ಹೋಗುತ್ತದೆ, ಇನ್ವರ್ಟರ್ ಇದೆ. ನೆಟ್ಟೇ ಹೋದರೆ ಫೋನ್ ಮಾಡಿ.” ‘ಭಾರತದ ಸಮಯ’ ಎಂದು ಬಿಡಿಸಿ ಹೇಳಿದ್ದು ಸರಿ. ಬೇಸಿಗೆಯಲ್ಲಿ ಬರ್ಲಿನ್ ನಮಗಿಂತ ಮೂರೂವರೆ ಗಂಟೆ ಹಿಂದೆ. ಅಕ್ಟೋಬರ್ ಕೊನೆಯ ಭಾನುವಾರ ಅಲ್ಲಿ ಗಡಿಯಾರ ತಿರುಗಿಸಿದ ಮೇಲೆ ಅದೇ ನಾಲ್ಕೂವರೆ. ಕರೆಂಟಿನ ಮಾತನ್ನು ಕೆಲವರು ಬಿಡು ಎಂದಿದ್ದರಂತೆ. ನನಗೆ ಹಾಗನ್ನಿಸುವುದಿಲ್ಲ. ಮೊದಲ ದಿನ ಹೇಳಿದರೆ ಅದು ಮಾಹಿತಿ, ಜುಲೈನಲ್ಲಿ ಹೇಳಿದರೆ ನೆಪ.

ತಂಡ ನಡೆಸುವವರಲ್ಲಿ ಒಂದು ಮನವಿ. ಹೊಸಬರು ಬರುವ ಹಿಂದಿನ ದಿನವೇ “ನಿಮ್ಮನ್ನು ಏನೆಂದು ಕರೆಯಲಿ?” ಎಂದು ಒಂದು ಸಾಲು ಬರೆದು ಕೇಳಿ. ಅಂದು ಆ ಹುಡುಗನ ನಿಜವಾದ ಹೆಸರು ಗೊತ್ತಿದ್ದ ಕನ್ನಡದವನು ಆ ಪರದೆಯಲ್ಲಿ ಇನ್ನೊಬ್ಬನಿದ್ದ, ಅವನೂ ಮ್ಯೂಟ್‌ನಲ್ಲೇ ಇದ್ದ. ಅದು ನಾನು.