ಮ್ಯಾನೇಜರ್ ಹೊರಟರು, ಎರಡು ಮಾತು ಬರೀಬೇಕು

ಸಾಫ್ಟ್‌ವೇರ್ ಕಂಪನಿಗಳಲ್ಲಿ ರಾಜೀನಾಮೆ ಕೊಟ್ಟವರು ಹೊರಬೀಳಲು ಸಾಮಾನ್ಯವಾಗಿ 60 ಇಲ್ಲವೇ 90 ದಿನ ಬೇಕು. ಇಷ್ಟು ದಿನ ಸಿಕ್ಕರೂ ಬೀಳ್ಕೊಡುಗೆಯ ಪೋಸ್ಟ್ ಬರೆಯಲು ತಂಡದವರು ಕೂರುವುದು ಕೊನೆಯ ದಿನ ಮಧ್ಯಾಹ್ನ, ಕೇಕ್ ಬರುವ ಹೊತ್ತಿಗೆ. ಆಗ ಕೈಗೆ ಸಿಗುವುದು ಬರೀ ಗುಣವಾಚಕಗಳು: ‘ಸ್ಫೂರ್ತಿದಾಯಕ’, ‘ಸರಳ ಸಜ್ಜನ’, ‘ಮಾರ್ಗದರ್ಶಕ’. ಹೆಸರು ಬದಲಿಸಿದರೆ ಅದೇ ಪೋಸ್ಟ್ ಪಕ್ಕದ ತಂಡದ ಮ್ಯಾನೇಜರ್‌ಗೂ ನಡೆಯುತ್ತದೆ.

ಇದಕ್ಕೆ ಮದ್ದು ಸುಲಭ. ಒಂದು ವಾರ ಮೊದಲೇ, ಸಾಹೇಬರಿಲ್ಲದ ವಾಟ್ಸ್ಆ್ಯಪ್ ಗುಂಪಿನಲ್ಲಿ ಒಬ್ಬೊಬ್ಬರನ್ನೂ ಕೇಳಿ. ‘ಅವರು ಹೇಗೆ?’ ಅಂತಲ್ಲ, ‘ಅವರು ದಿನಾ ಆಡೋ ಮಾತು ಯಾವುದು?’ ಅಂತ. ಮೊದಲ ಪ್ರಶ್ನೆಗೆ ‘ತುಂಬಾ ಒಳ್ಳೆಯವರು’ ಎಂದು ಬರುತ್ತದೆ, ಎರಡನೆಯದಕ್ಕೆ ಎಲ್ಲರೂ ಒಟ್ಟಿಗೆ ಟೈಪ್ ಮಾಡತೊಡಗುತ್ತಾರೆ.

ಬೆಂಗಳೂರಿನ ಒಂದು ತಂಡ ಅಂದುಕೊಳ್ಳಿ. ಅಲ್ಲಿ ಮ್ಯಾನೇಜರ್‌ದು ಒಂದೇ ಹಟ: ಶುಕ್ರವಾರ ಮಧ್ಯಾಹ್ನದ ಮೇಲೆ ಹೊಸ ಕೋಡ್ ಹೊರಗೆ ಹೋಗಕೂಡದು. ಏನಾದರೂ ಕೆಟ್ಟರೆ ಶನಿವಾರ, ಭಾನುವಾರ ಎರಡೂ ಹಾಳು ಎಂಬ ಲೆಕ್ಕ. ಜತೆಗೆ, ಅವರ ಎಕ್ಸೆಲ್ ಕಡತದ ಹೆಸರಿನಲ್ಲಿ ‘ಫೈನಲ್’ ಇದ್ದರೂ ಅದು ಎಂದೂ ಕೊನೆಯದಲ್ಲ. ಇಷ್ಟು ಸಿಕ್ಕರೆ ಸಾಕು, ಪೋಸ್ಟ್ ಹೀಗೆ ಆಗಬಹುದು:

“ಸರ್, ನೀವು ಹೊರಟಿರುವುದು ಶುಕ್ರವಾರ. ಶುಕ್ರವಾರ ರಿಲೀಸ್ ಬೇಡ ಎಂದು ಇಷ್ಟು ವರ್ಷ ಹೇಳಿದವರು ನಿಮ್ಮನ್ನೇ ಆ ದಿನ ರಿಲೀಸ್ ಮಾಡಿಸಿಕೊಂಡಿದ್ದೀರಿ, ಇದು ನಿಯಮಬಾಹಿರ. `Release_Plan_final_v7` ಕಡತ ನಮ್ಮ ಬಳಿ ಕ್ಷೇಮವಾಗಿದೆ, ಎಂಟನೆಯದಕ್ಕೆ ಕಾಯುತ್ತಿದ್ದೇವೆ. ಸರ್ವರ್ ಬಿದ್ದ ರಾತ್ರಿ ‘ತಪ್ಪು ಯಾರದು ಅಂತ ನಾಳೆ ನೋಡೋಣ, ಮೊದಲು ಎಬ್ಬಿಸೋಣ’ ಅಂದಿರಿ. ಮರುದಿನವೂ ಯಾರದು ಅಂತ ಕೇಳಲಿಲ್ಲ. ಯಾರದು ಅಂತ ಈಗ ಹೇಳಬಹುದಿತ್ತು, ಆದರೆ ಆತ ಇನ್ನೂ ಇಲ್ಲೇ ಕೆಲಸ ಮಾಡಬೇಕಲ್ಲ. ಹೊಸ ಜಾಗದಲ್ಲೂ ವಾರಾಂತ್ಯ ನಿಮ್ಮದೇ ಆಗಿರಲಿ.”

ಎರಡು ಚೇಷ್ಟೆ ಆದ ಮೇಲೆ ಸರ್ವರ್ ಬಿದ್ದ ರಾತ್ರಿ ಬರುತ್ತದೆ, ಗಮನಿಸಿ. ‘ತಂಡದ ಬೆನ್ನಿಗೆ ನಿಂತವರು’ ಎಂದು ಬರೆಯುವ ಅಗತ್ಯವೇ ಬೀಳಲಿಲ್ಲ. ಚೇಷ್ಟೆಯನ್ನೇ ಕೊನೆಗಿಟ್ಟಿದ್ದರೆ ಓದಿದವರಿಗೆ ಎಕ್ಸೆಲ್ ಕಡತವಷ್ಟೇ ನೆನಪಿರುತ್ತಿತ್ತು.

ತಮಾಷೆಯಲ್ಲಿ ಎಡವುವುದು ಓದುವವರು ಯಾರೆಂಬುದನ್ನು ಮರೆತಾಗ. ‘ರಾತ್ರಿ ಹನ್ನೊಂದಕ್ಕೆ ಇನ್ನು ಯಾರು ಕರೆ ಮಾಡುತ್ತಾರೆ ಸರ್?’ ಎನ್ನುವುದಕ್ಕೆ ತಂಡದೊಳಗೆ ಎಲ್ಲರೂ ನಗುತ್ತಾರೆ. ಅದೇ ಸಾಲು ಲಿಂಕ್ಡ್ಇನ್‌ನಲ್ಲಿ ಹೊಸ ಕಂಪನಿಯವರ ಕಣ್ಣಿಗೆ ಬಿದ್ದರೆ, ಈತ ಹೊತ್ತುಗೊತ್ತಿಲ್ಲದೆ ದುಡಿಸುವವರು ಎಂಬ ದೂರಾಗುತ್ತದೆ. ‘ನಮ್ಮನ್ನೂ ಕರ್ಕೊಂಡು ಹೋಗಿ’ ಎಂಬುದೂ ಹಾಗೆಯೇ. ಹಳೆಯ ಸಹೋದ್ಯೋಗಿಗಳನ್ನು ಸೆಳೆಯಬಾರದು ಎಂಬ ಷರತ್ತು ಅನೇಕ ನೇಮಕಾತಿ ಪತ್ರಗಳಲ್ಲಿರುತ್ತದೆ. ನಾಳೆ ಇಬ್ಬರು ನಿಜಕ್ಕೂ ಹಿಂದೆ ಹೋದರೆ, ನಗೆಚಾಟಿಕೆಯ ಸಾಲಿಗೆ ಬೇರೆಯದೇ ಅರ್ಥ ಬರುತ್ತದೆ. ಅಪ್ರೈಸಲ್, ಮಂಜೂರಾಗದ ರಜೆ, ಗ್ರಾಹಕ ಕಂಪನಿಯ ಹೆಸರು, ಇವನ್ನೂ ಮುಟ್ಟದಿರುವುದು ಲೇಸು. ಮೊದಲೆರಡರ ನಗೆಯಲ್ಲಿ ಸಿಟ್ಟು ಇಣುಕುತ್ತದೆ, ಮೂರನೆಯದು ಗೋಪ್ಯತೆಯ ಒಪ್ಪಂದಕ್ಕೆ ತಾಗುತ್ತದೆ.

ನನಗೆ ಎಲ್ಲಕ್ಕಿಂತ ಇರುಸುಮುರುಸು ಅನಿಸುವುದು ‘ನಿಮ್ಮ ಜಾಗ ಯಾರೂ ತುಂಬಲಾರರು’ ಎಂಬ ಮಾತು. ಆ ಜಾಗಕ್ಕೆ ಬಂದವರು ಎಷ್ಟೋ ಸಲ ಅದೇ ಕೋಣೆಯಲ್ಲಿ, ಅದೇ ಕೇಕ್ ತಿನ್ನುತ್ತ ನಿಂತಿರುತ್ತಾರೆ. ಸೋಮವಾರ ರಜೆ ಕೇಳಬೇಕಾಗಿರುವುದು ಅವರನ್ನೇ.

ಇನ್ನು, ಹೊಸ ಕಂಪನಿಯ ಹೆಸರು ಹಾಕಬಹುದೇ? ಅವರೇ ಹೇಳಿಕೊಳ್ಳುವವರೆಗೆ ಬೇಡ. ಹಲವರು ಸೇರಿ ಕೆಲವು ದಿನ ಆಗುವವರೆಗೂ ಪ್ರೊಫೈಲ್ ಬದಲಿಸುವುದಿಲ್ಲ, ಅದಕ್ಕೆ ಅವರದೇ ಕಾರಣಗಳಿರುತ್ತವೆ. ‘ಹೊಸ ಜಾಗ’ ಅಂದರೆ ಸಾಕು. ಬರೆದದ್ದನ್ನು ಹಾಕುವ ಮೊದಲು ಅವರಿಗೇ ಒಮ್ಮೆ ತೋರಿಸುವುದರಲ್ಲೂ ತಪ್ಪಿಲ್ಲ. ಅಚ್ಚರಿ ಸ್ವಲ್ಪ ಕಡಿಮೆಯಾದೀತು, ಆದರೆ ಯಾವ ಸಾಲಿಗೆ ನಕ್ಕರು, ಯಾವುದಕ್ಕೆ ಸುಮ್ಮನಾದರು ಎಂಬುದು ಗೊತ್ತಾಗುತ್ತದೆ. ಸುಮ್ಮನಾದ ಸಾಲನ್ನು ತೆಗೆದುಬಿಡಿ.

ಪೋಸ್ಟ್ ಬದಲು ಕಚೇರಿಯ ಮೇಲ್‌ನಲ್ಲಿ ಕಳಿಸುವವರು ಗಡಿಯಾರ ನೋಡಿಕೊಳ್ಳಬೇಕು. ಲ್ಯಾಪ್‌ಟಾಪ್, ಗುರುತಿನ ಚೀಟಿ ಒಪ್ಪಿಸಿದ ಸಂಜೆಯೇ ಅವರ ಖಾತೆ ಮುಚ್ಚಿರಬಹುದು. ಊಟಕ್ಕೆ ಮುಂಚೆ ಕಳಿಸಿ, ಇಲ್ಲವೇ ಅವರ ಖಾಸಗಿ ವಿಳಾಸವನ್ನೂ ಸೇರಿಸಿ.